ಫೋಟೋ ಕೆಳಗೆ ಹೆಸರು ಬರೆದಿರುವ ಅಡ್ಡಪಟ್ಟಿ ಕತ್ತರಿಸಿದರೆ ಏನಾಗುತ್ತದೆ?

2006ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೀಟರ್ ಮರ್ಫಿ ಎಂಬ ಫೋಟೋಗ್ರಾಫರ್ ಒಂದು ಮಾಸಪತ್ರಿಕೆಗಾಗಿ ಇಬ್ಬರು ರೇಡಿಯೋ ನಿರೂಪಕರ ಫೋಟೋ ತೆಗೆದರು. ಪತ್ರಿಕೆ ಅದನ್ನು ಅಚ್ಚು ಹಾಕಿತು. ಮರ್ಫಿಯ ಹೆಸರು ಪುಟದ ಒಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆಮೇಲೆ ಆ ರೇಡಿಯೋ ಕೇಂದ್ರದ ಯಾರೋ ಒಬ್ಬರು ಪುಟವನ್ನು ಸ್ಕ್ಯಾನ್ ಮಾಡಿ ತಮ್ಮ ವೆಬ್‌ಸೈಟಿಗೆ ಹಾಕಿದರು. ಫೋಟೋ ಪೂರ್ತಿ ಬಂತು, ಹೆಸರಿದ್ದ ಅಂಚು ಮಾತ್ರ ಬರಲಿಲ್ಲ. ಸಾಲದ್ದಕ್ಕೆ, ಈ ಫೋಟೋವನ್ನು ನಿಮಗೆ ಬೇಕಾದಂತೆ ತಿದ್ದಿ ಕಳಿಸಿ ಎಂದು ಕೇಳುಗರಿಗೆ ಕರೆಯನ್ನೂ ಕೊಟ್ಟರು.

ಮರ್ಫಿ ಕೋರ್ಟಿಗೆ ಹೋದರು. ಅನುಮತಿಯಿಲ್ಲದೆ ಫೋಟೋ ಬಳಸಿದ್ದು ಒಂದು ತಪ್ಪು, ಹೆಸರು ತೆಗೆದದ್ದು ಇನ್ನೊಂದು ತಪ್ಪು ಎನ್ನುವುದು ಅವರ ವಾದ. ಮೊದಲನೆಯದು ಹಳೆಯ ಕಾಪಿರೈಟ್ ಪ್ರಶ್ನೆ. ಎರಡನೆಯದು ಆಗ ಹೊಸದು.

ಹೆಸರು ತೆಗೆಯುವುದೇ ಬೇರೆ ತಪ್ಪು ಎಂಬ ಯೋಚನೆ ಬಂದದ್ದು ಇಂಟರ್ನೆಟ್ ಹರಡುವ ಹೊತ್ತಿಗೆ. ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದ 1996ರ ಕಾಪಿರೈಟ್ ಒಪ್ಪಂದದ 12ನೇ ವಿಧಿ, ಕೃತಿಯ ಜೊತೆ ಇರುವ ಹಕ್ಕಿನ ಮಾಹಿತಿಯನ್ನು ಅಳಿಸುವುದಕ್ಕೆ ಕಾನೂನಿನ ತಡೆ ಇರಬೇಕು ಎಂದಿತು. ಅಮೆರಿಕ 1998ರಲ್ಲಿ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾಯ್ದೆಯ 1202ನೇ ಸೆಕ್ಷನ್‌ನಲ್ಲಿ ಇದನ್ನು ತಂದಿತು. ಒಂದೊಂದು ಉಲ್ಲಂಘನೆಗೆ 2,500ರಿಂದ 25,000 ಡಾಲರ್‌ವರೆಗೆ ಪರಿಹಾರ ಕೊಡಿಸಬಹುದು. ಆದರೆ ಆಗ ಎಲ್ಲರ ತಲೆಯಲ್ಲಿದ್ದದ್ದು ಕಂಪ್ಯೂಟರ್ ಓದುವ ಮಾಹಿತಿ, ಅಂದರೆ ಫೈಲಿನೊಳಗೆ ಹುದುಗಿರುವ ಗುರುತು, ಕೋಡ್. ಕಣ್ಣಿಗೆ ಕಾಣುವ ಹೆಸರೂ ಇದರಲ್ಲಿ ಸೇರುತ್ತದಾ ಎನ್ನುವುದಕ್ಕೆ ಕೋರ್ಟುಗಳಲ್ಲಿ ಒಮ್ಮತವಿರಲಿಲ್ಲ. 2006ರಲ್ಲೇ ನ್ಯೂಜೆರ್ಸಿಯ ಜಿಲ್ಲಾ ಕೋರ್ಟ್ ಬೇರೊಂದು ಕೇಸಿನಲ್ಲಿ, ಈ ಸೆಕ್ಷನ್ ತಂತ್ರಜ್ಞಾನದ ವ್ಯವಸ್ಥೆಯ ಭಾಗವಾಗಿರುವ ಮಾಹಿತಿಗೆ ಮಾತ್ರ ಎಂದಿತ್ತು.

ಮರ್ಫಿ ಕೆಳಗಿನ ಕೋರ್ಟಿನಲ್ಲಿ ಸೋತರು. 2011ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಕಾಯ್ದೆಯಲ್ಲಿ 'ಕೃತಿಕಾರರ ಹೆಸರು' ಎಂದು ಸರಳವಾಗಿ ಬರೆದಿದೆ, ಅದು ಯಂತ್ರ ಓದುವಂತೆಯೇ ಇರಬೇಕು ಎಂದು ಎಲ್ಲೂ ಇಲ್ಲ ಎನ್ನುವುದು ಅದರ ಓದು. ಹಾಗಾಗಿ ಅಂಚಿನ ಅಚ್ಚಿನ ಹೆಸರಿಗೂ ರಕ್ಷಣೆ ಸಿಕ್ಕಿತು. ಫೋಟೋ ಕೆಳಗೆ ಅಂಟಿಸಿದ ಪಟ್ಟಿಗೂ ಇದೇ ತರ್ಕ ನಿಲ್ಲುತ್ತದೆ.

ಆದರೆ ಕತ್ತರಿಸಿದ ಮಾತ್ರಕ್ಕೆ ತಪ್ಪಾಗುವುದಿಲ್ಲ. ಹಕ್ಕಿನ ಉಲ್ಲಂಘನೆಗೆ ಅದು ದಾರಿ ಮಾಡುತ್ತದೆ ಅಥವಾ ಅದನ್ನು ಮರೆಮಾಚುತ್ತದೆ ಎಂದು ಕತ್ತರಿಸಿದವರಿಗೆ ಗೊತ್ತಿರಬೇಕು, ಅಥವಾ ಗೊತ್ತಾಗುವಂತಿರಬೇಕು. 2018ರಲ್ಲಿ ಮನೆ ಮಾರಾಟದ ಫೋಟೋ ತೆಗೆಯುವವರು ಒಂದು ಸಾಫ್ಟ್‌ವೇರ್ ಕಂಪನಿಯ ವಿರುದ್ಧ ಸೋತದ್ದು ಇಲ್ಲೇ. ಫೋಟೋ ಅಪ್‌ಲೋಡ್ ಆದಾಗ ಆ ಸಾಫ್ಟ್‌ವೇರ್ ಒಳಗಿನ ಮಾಹಿತಿಯನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಅದರಿಂದ ಕಳವಿಗೆ ಸಹಾಯವಾಗುತ್ತದೆ ಎಂದು ಕಂಪನಿಗೆ ಗೊತ್ತಿತ್ತು ಅನ್ನುವುದನ್ನು ತೋರಿಸಲು ಅವರಿಗೆ ಆಗಲಿಲ್ಲ. ಆದರೆ 2020ರಲ್ಲಿ ಬಜ್‌ಫೀಡ್ ಎಂಬ ಸುದ್ದಿ ವೆಬ್‌ಸೈಟಿನ ವಿರುದ್ಧ ಒಬ್ಬ ಫೋಟೋಗ್ರಾಫರ್ ಗೆದ್ದರು. ಪತ್ರಿಕೆಯಲ್ಲಿ ಬಂದ ಅವರ ಫೋಟೋವನ್ನು ಹೆಸರು ಬಿಟ್ಟು, ಬೇರೆಯವರ ಹೆಸರು ಹಾಕಿ ಬಳಸಿದ್ದರು. ಪರಿಹಾರ ಒಟ್ಟು 8,750 ಡಾಲರ್. ಗಮನಿಸಿ, ಅದರಲ್ಲಿ ಫೋಟೋ ಬಳಸಿದ್ದಕ್ಕೆ 3,750, ಹೆಸರು ತೆಗೆದದ್ದಕ್ಕೆ 5,000. ಫೋಟೋಗಿಂತ ಹೆಸರೇ ದುಬಾರಿಯಾಯಿತು!

ಇಷ್ಟೆಲ್ಲ ಮಾತು ಪಟ್ಟಿಯಲ್ಲಿರುವ ಹೆಸರು ನಿಜವಾದ ಹಕ್ಕುದಾರರದ್ದಾಗಿದ್ದರೆ. ಯಾವಾಗಲೂ ಹಾಗಿರುವುದಿಲ್ಲ. ಕ್ಯಾರೊಲ್ ಹೈಸ್ಮಿತ್ ಎಂಬ ಅಮೆರಿಕನ್ ಫೋಟೋಗ್ರಾಫರ್ ತಮ್ಮ ಸಾವಿರಾರು ಫೋಟೋಗಳನ್ನು ಎಲ್ಲರೂ ಬಳಸಲಿ ಎಂದು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿದ್ದರು. 2015ರ ಕೊನೆಗೆ ಅವರದೇ ಫೋಟೋವನ್ನು ಅವರದೇ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿದ್ದಕ್ಕೆ 120 ಡಾಲರ್ ಕಟ್ಟಿ ಎಂದು ಫೋಟೋ ಏಜೆನ್ಸಿಯೊಂದರ ಪರವಾಗಿ ಪತ್ರ ಬಂತು. ಅವರು 2016ರಲ್ಲಿ ಗೆಟ್ಟಿ ಇಮೇಜಸ್ ಎಂಬ ದೊಡ್ಡ ಫೋಟೋ ಏಜೆನ್ಸಿ ಮತ್ತಿತರರ ಮೇಲೆ ಕೇಸು ಹಾಕಿದರು. ತಪ್ಪು ವಾಟರ್‌ಮಾರ್ಕ್ ಹಾಕುವುದೂ 1202ರ ಅಡಿ ತಪ್ಪೇ ಎನ್ನುವುದು ಅವರ ನೆಲೆ. ಕೋರ್ಟ್ ಕಾಪಿರೈಟ್ ಆರೋಪಗಳನ್ನು ತಳ್ಳಿಹಾಕಿತು. ನನಗೆ ಇದು ಈ ಕಾನೂನಿನ ಒಂದು ಕೊರತೆ ಅನ್ನಿಸುತ್ತದೆ. ಹೆಸರು ತೆಗೆದವರನ್ನು ಹಿಡಿಯುವಷ್ಟು ಸುಲಭವಾಗಿ ಇಲ್ಲದ ಹಕ್ಕಿನ ಪಟ್ಟಿ ಹಾಕಿದವರನ್ನು ಹಿಡಿಯಲು ಆಗುತ್ತಿಲ್ಲ.

ಹಾಗಾದರೆ ಕಾಪಿರೈಟ್ ಮುಗಿದ ಹಳೇ ಚಿತ್ರದ ಕೆಳಗೆ ಏಜೆನ್ಸಿಯ ಪಟ್ಟಿ ಇದ್ದರೆ? ಉಲ್ಲಂಘಿಸಲು ಹಕ್ಕೇ ಇಲ್ಲದ ಕಡೆ ಕತ್ತರಿಸುವುದು ಕಾಪಿರೈಟ್ ತಪ್ಪಾಗುವುದಿಲ್ಲ. ವೆಬ್‌ಸೈಟಿನ ಷರತ್ತುಗಳನ್ನು ಒಪ್ಪಿ ಇಳಿಸಿಕೊಂಡಿದ್ದರೆ ಅದು ಕರಾರಿನ ಪ್ರಶ್ನೆ, ಬೇರೆ ವಿಷಯ. ಕೆಲಸ ಹೇಗೆ ನಡೆಯುತ್ತದೆ ನೋಡಿ. 1200×800ರ ಚಿತ್ರದ ಹೊರಗೆ, ಕೆಳಗಡೆ 60 ಪಿಕ್ಸೆಲ್‌ನ ಪಟ್ಟಿ ಸೇರಿಸಿದ್ದಾರೆ ಎನ್ನೋಣ. ಫೈಲು 1200×860 ಆಗುತ್ತದೆ. jpegtran ಎಂಬ ಪ್ರೋಗ್ರಾಂಗೆ ಈ ಆದೇಶ ಕೊಟ್ಟರೆ ಪಟ್ಟಿ ಹೋಗಿ ಮೇಲಿನ 1200×800 ಮಾತ್ರ ಉಳಿಯುತ್ತದೆ.

```
jpegtran -copy all -crop 1200x800+0+0 -outfile out.jpg in.jpg
```

ಜೆಪೆಗ್ ಚಿತ್ರ ಸಣ್ಣ ಚೌಕಗಳಾಗಿ ಕೂತಿರುತ್ತದೆ. ಗುಣಮಟ್ಟ ಕೆಡದೆ ಕತ್ತರಿಸಲು ಮೇಲಿನ ಎಡ ಮೂಲೆ ಮಾತ್ರ ಚೌಕದ ಗೆರೆಗೆ ಕೂರಬೇಕು, ಕೆಳಗಿನ ಅಂಚು ಎಲ್ಲಿ ಬೇಕಾದರೂ ಬರಬಹುದು. `-copy all` ಮರೆತರೆ ಫೈಲಿನೊಳಗಿನ ಕ್ಯಾಮೆರಾ ಮಾಹಿತಿ, ಅದರಲ್ಲಿರಬಹುದಾದ ಫೋಟೋಗ್ರಾಫರ್ ಹೆಸರು ಸದ್ದಿಲ್ಲದೆ ಹೋಗುತ್ತದೆ. ಪಟ್ಟಿಯಲ್ಲಿ ಏಜೆನ್ಸಿ ಹೆಸರು, ಒಳಗೆ ನಿಜವಾದವರ ಹೆಸರು ಇದ್ದರೆ ಇದು ಸಣ್ಣ ಎಡವಟ್ಟಲ್ಲ.

ಪಟ್ಟಿಯನ್ನು ಹೊರಗೆ ಸೇರಿಸಿದ್ದಾರೋ ಚಿತ್ರದ ಮೇಲೇ ಹಚ್ಚಿದ್ದಾರೋ ಎನ್ನುವುದನ್ನು ಅಳತೆಯಿಂದಲೇ ಊಹಿಸಬಹುದು. ಕತ್ತರಿಸಿದ ಮೇಲೆ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ 3:2 ಅನುಪಾತ ಬಂದರೆ ಬಹುಶಃ ಹೊರಗೆ ಸೇರಿಸಿದ್ದು. 1200×740ರಂಥ ವಿಚಿತ್ರ ಅಳತೆ ಬಂದರೆ ಬಹುಶಃ ಚಿತ್ರದ ಕೆಳಭಾಗವೂ ಹೋಗಿದೆ. ಆದರೂ ಹಳೇ ಚಿತ್ರಕ್ಕೆ ಈ ಕಸರತ್ತೇ ಜಾಸ್ತಿ. ಏಜೆನ್ಸಿಯ ಪುಟದಲ್ಲಿ ಸಿಗುವುದು ಸಣ್ಣ ನಮೂನೆ. ಮೂಲ ಗ್ರಂಥಾಲಯದಲ್ಲೇ ಹುಡುಕಿದರೆ ಪಟ್ಟಿಯಿಲ್ಲದ ದೊಡ್ಡ ಫೈಲು ಸಿಗುವ ಸಾಧ್ಯತೆ ಹೆಚ್ಚು.

ನಮ್ಮ ದೇಶದಲ್ಲಿ ಇದು 2012ರ ತಿದ್ದುಪಡಿಯಿಂದ ಬಂತು. ಕಾಪಿರೈಟ್ ಕಾಯ್ದೆಯ 65ಬಿ ಸೆಕ್ಷನ್ ಪ್ರಕಾರ, ಹಕ್ಕಿನ ಮಾಹಿತಿಯನ್ನು ಗೊತ್ತಿದ್ದೂ ಅಧಿಕಾರವಿಲ್ಲದೆ ತೆಗೆದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಕೃತಿಕಾರರ ಹೆಸರು, ಹಕ್ಕುದಾರರ ಹೆಸರು ಮತ್ತು ವಿಳಾಸ, ಬಳಕೆಯ ಷರತ್ತು, ಇವನ್ನು ಸೂಚಿಸುವ ಸಂಖ್ಯೆ ಎಲ್ಲವೂ ಈ ಮಾಹಿತಿಯೇ. ಅಮೆರಿಕದಲ್ಲಿರುವ 'ಉಲ್ಲಂಘನೆಗೆ ದಾರಿ ಮಾಡುತ್ತದೆ ಎಂದು ಗೊತ್ತಿರಬೇಕು' ಎನ್ನುವ ಎರಡನೇ ಮೆಟ್ಟಿಲು ನಮ್ಮ ಸೆಕ್ಷನ್‌ನ ಮಾತುಗಳಲ್ಲಿ ಇಲ್ಲ. ಓದಿದರೆ ನಮ್ಮದೇ ಬಿಗಿ.

ಕಬಿನಿಯಲ್ಲಿ ಹುಲಿ ಫೋಟೋ ತೆಗೆದವರು ಕೆಳಗೆ ಹೆಸರಿನ ಪಟ್ಟಿ ಹಾಕುವುದು ಸುಮ್ನೆ ಶೋಕಿಗಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಉಳಿಯುವುದು ಕಣ್ಣಿಗೆ ಕಾಣುವ ಪಟ್ಟಿ ಮಾತ್ರ. ಆದರೆ ಫೋನು ತಾನಾಗಿಯೇ ಹಾಕುವ, ಬರೀ ಮಾಡೆಲ್ ಹೆಸರಿರುವ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಯಾರ ಹಕ್ಕನ್ನೂ ಹೇಳುವುದಿಲ್ಲ, ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಅದರ ಪಕ್ಕ ನಿಮ್ಮ ಹೆಸರು ಸೇರಿಸಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಯಾರೋ ಕತ್ತರಿಸಿದ ಫೋಟೋ ನಿಮ್ಮ ಗ್ರೂಪಿಗೆ ಬಂತು, ನೀವು ಅದನ್ನು ನಿಮ್ಮ ಪೇಜಿಗೆ ಹಾಕಿದಿರಿ ಎನ್ನೋಣ. ಪಟ್ಟಿ ಇತ್ತು ಎನ್ನುವುದೇ ಗೊತ್ತಿಲ್ಲದಿದ್ದರೆ 65ಬಿ ನಿಮ್ಮನ್ನು ಹಿಡಿಯುವುದಿಲ್ಲ, ಗೊತ್ತಿದ್ದು ಹಂಚಿದರೆ ಮಾತ್ರ ಅದು ಅನ್ವಯಿಸುತ್ತದೆ. ಆದರೆ ಅನುಮತಿಯಿಲ್ಲದೆ ಬೇರೆಯವರ ಫೋಟೋ ಪ್ರಕಟಿಸಿದ್ದು 51ನೇ ಸೆಕ್ಷನ್‌ಗೆ ಬರುತ್ತದೆ. ಅಲ್ಲಿ 'ಹೆಸರೇ ಇರಲಿಲ್ಲ ಸಾರ್' ಎನ್ನುವುದು ಪರಿಹಾರದ ಮೊತ್ತ ತಗ್ಗಿಸಬಹುದು, ಉಲ್ಲಂಘನೆಯನ್ನು ಇಲ್ಲವಾಗಿಸುವುದಿಲ್ಲ.