ಅಡಿಕೆ ಕೊಳೆರೋಗದ ಬರಹವೊಂದು ಹುಡುಕಿದವರಿಗೆ ಸಿಗುವ ಬಗೆ

ಮಳೆಗಾಲದ ಒಂದು ಸಂಜೆ. ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಮರದ ಬುಡದಲ್ಲಿ ಉದುರಿದ ಎಳೆಯ ಅಡಿಕೆ ಕಂಡು ಮೊಬೈಲ್ ತೆಗೆಯುತ್ತಾರೆ. ‘ಅಡಿಕೆ ಕೊಳೆರೋಗ ಬೋರ್ಡೋ ಅಳತೆ’ ಎಂದು ಹುಡುಕುತ್ತಾರೆ. ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಬೆರೆಸಿ ಈ ರೋಗಕ್ಕೆ ಸಿಂಪಡಿಸುವ ದ್ರಾವಣ. ಅಡಿಕೆ ಕೃಷಿಗೇ ಮೀಸಲಾದ ಬ್ಲಾಗೊಂದರಲ್ಲಿ ಇದಕ್ಕೆ ಸರಿಯಾದ ಉತ್ತರವಿದೆ ಎಂದುಕೊಳ್ಳೋಣ. ಆದರೆ ಆ ಬರಹದ ಶೀರ್ಷಿಕೆ ‘ಮಳೆಯ ಮುನಿಸು, ತೋಟದ ಕಣ್ಣೀರು’. ಅಳತೆ ಇರುವುದು ಏಳನೆಯ ಪ್ಯಾರಾದಲ್ಲಿ. ಹಾಗಾಗಿ ಉತ್ತರ ಅವರ ಕೈಗೆ ಸಿಗುವುದೇ ಇಲ್ಲ. ಬರೆದವರಿಗೆ ಜಾಹೀರಾತಿನ ಹಣವೂ ಇಲ್ಲ, ಓದುಗರಿಗೆ ಔಷಧದ ಅಳತೆಯೂ ಇಲ್ಲ.

ಗೂಗಲ್ ಆ ಕ್ಷಣದಲ್ಲಿ ಇಡೀ ಅಂತರ್ಜಾಲವನ್ನು ಜಾಲಾಡುವುದಿಲ್ಲ. ಮೊದಲೇ ಪುಟಗಳನ್ನು ಓದಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದ್ದನ್ನು ಸಿದ್ಧಪಡಿಸಿಕೊಂಡಿರುತ್ತದೆ. ಯಾವ ಪದ ಯಾವ ಪುಟಗಳಲ್ಲಿದೆ ಎಂಬುದು ಅದರಲ್ಲಿ ಇರುತ್ತದೆ. ಹುಡುಕಿದ ಪದಗಳಿಗೆ ಹೊಂದುವ ಪುಟಗಳನ್ನು ಅಲ್ಲಿಂದ ಆರಿಸಿ, ಆಮೇಲೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ನಿರ್ಧರಿಸುತ್ತದೆ. ಪದಗಳ ಹಿಂದಿನ ಅರ್ಥವನ್ನು ಗ್ರಹಿಸುವ ಶಕ್ತಿ ಈಗ ಅದಕ್ಕೆ ಸಾಕಷ್ಟು ಬಂದಿದೆ. ಆದರೂ ‘ಕಣ್ಣೀರು’ ಎಂಬುದರಿಂದ ಮೈಲುತುತ್ತದ ತೂಕಕ್ಕೆ ದಾರಿ ದೂರ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಒಬ್ಬರು ‘ಕೊಳೆರೋಗ’ ಎಂದರೆ ಇನ್ನೊಬ್ಬರು ‘ಕೊಳೆ ರೋಗ’ ಎಂದು ಬಿಡಿಸಿ ಬರೆಯುತ್ತಾರೆ. ಹಲವರು ಇಂಗ್ಲಿಷ್ ಅಕ್ಷರಗಳಲ್ಲಿ `adike kole roga` ಎಂದೇ ಒತ್ತುತ್ತಾರೆ. ಯಂತ್ರ ಇವೆಲ್ಲವನ್ನೂ ತಪ್ಪದೆ ಕೂಡಿಸಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ. ಬರಹದ ಓಟಕ್ಕೆ ಅಡ್ಡಿಯಾಗದಂತೆ ಎರಡು ರೂಪಗಳು ಒಳಗೆ ಬಂದರೆ, ಪುಟದ ವಿಳಾಸ `adike-kole-roga-bordo` ಎಂದಿದ್ದರೆ ಒಳ್ಳೆಯದು. ಪುಟದ ತಲೆಯಲ್ಲಿ ಯಾರಿಗೂ ಕಾಣದಂತೆ ಪದಗಳ ರಾಶಿ ಹಾಕುವ ಹಳೆಯ ಚಾಳಿ ಮಾತ್ರ ವ್ಯರ್ಥ. ಆ `keywords` ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಈಗ ಆ ಬರಹವನ್ನು ರಿಪೇರಿ ಮಾಡೋಣ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ, ಯಾವ ಹುಡುಕಾಟಕ್ಕೆ ನಮ್ಮ ಪುಟ ಎಷ್ಟು ಸಲ ಕಾಣಿಸಿಕೊಂಡಿತು, ಎಷ್ಟು ಜನ ಒತ್ತಿ ಒಳಗೆ ಬಂದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬುದು ಸಿಗುತ್ತದೆ. ಒಂದು ತಿಂಗಳಲ್ಲಿ ಪುಟ 2,000 ಸಲ ಕಾಣಿಸಿಕೊಂಡು, ಆರನೆಯ ಸ್ಥಾನದಲ್ಲಿದ್ದೂ 20 ಜನ ಮಾತ್ರ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಅಂದರೆ ಗೂಗಲ್ ಪುಟವನ್ನು ತೋರಿಸುತ್ತಿದೆ, ಜನ ದಾಟಿ ಹೋಗುತ್ತಿದ್ದಾರೆ. ಮೊದಲ ಅನುಮಾನ ಶೀರ್ಷಿಕೆಯ ಮೇಲೆ. ಕಾಣಿಸಿಕೊಂಡದ್ದೇ ಹತ್ತಿಪ್ಪತ್ತು ಸಲವಾಗಿದ್ದರೆ ಕಾಯಿಲೆ ಬೇರೆ: ಪುಟ ಸೂಚಿಗೆ ಸೇರಿಲ್ಲದಿರಬಹುದು, ತೀರಾ ಕೆಳಗಿರಬಹುದು, ಅಥವಾ ಅದನ್ನು ಹುಡುಕುವವರೇ ವಿರಳವಿರಬಹುದು. ನಮ್ಮ ಬರಹದ ಕಾಯಿಲೆ ಶೀರ್ಷಿಕೆಯದು, ಅದಕ್ಕೆ ಮದ್ದು ಇಷ್ಟು:

```html
<title>ಅಡಿಕೆ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ: ಅಳತೆ, ತಯಾರಿ</title>
```

ಏಳನೆಯ ಪ್ಯಾರಾದಲ್ಲಿದ್ದ ಉತ್ತರ ಮೊದಲಿಗೆ ಬರಬೇಕು: ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ತಯಾರಾದ ದ್ರಾವಣಕ್ಕೆ ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂಬ ಮಾತು, ಅದರ ಚಿತ್ರದೊಂದಿಗೆ, ಕೂಡಲೇ ಅದರ ಹಿಂದೆ ಬರಲಿ. ಕೈಯಾರೆ ಮಾಡಿದವರಿಗಷ್ಟೇ ಹೊಳೆಯುವ ಇಂಥ ವಿವರವೇ ಸಣ್ಣ ಬ್ಲಾಗಿನ ನಿಜವಾದ ಬಲ ಎಂದು ನಾನು ನಂಬುತ್ತೇನೆ. ಎಲ್ಲ ಬೆಳೆಗಳ ಬಗ್ಗೆಯೂ ಬರೆಯುವ ದೊಡ್ಡ ತಾಣಗಳಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ.

ಹಣದ ಲೆಕ್ಕವನ್ನೂ ನೇರವಾಗಿ ನೋಡಬೇಕು. ಸಾವಿರ ಸಲ ಪುಟ ನೋಡಿದ್ದಕ್ಕೆ 50 ರೂಪಾಯಿ ಬರುತ್ತದೆ ಎಂದುಕೊಂಡರೆ, 20 ಜನರಿಂದ ತಿಂಗಳಿಗೆ ಬಂದದ್ದು ಒಂದು ರೂಪಾಯಿ. ಶೀರ್ಷಿಕೆ ಬದಲಾಗಿ 120 ಜನ ಬಂದರೆ ಆರು ರೂಪಾಯಿ. ಇಂಥ ನಲವತ್ತು ಬರಹಗಳಿದ್ದರೂ 240 ರೂಪಾಯಿ. ಈ ಮೊತ್ತ ಕಂಡಾಗಲೇ ಪುಟದ ತುಂಬ ಜಾಹೀರಾತು ಹಾಕುವ ಆಸೆ ಹುಟ್ಟುವುದು. ಜಾಗ ಕಾಯ್ದಿರಿಸದೆ ಹಾಕಿದ ಜಾಹೀರಾತು ತಡವಾಗಿ ಇಳಿದು ಬಂದಾಗ, ಓದುತ್ತಿದ್ದ ಸಾಲು ಕೆಳಕ್ಕೆ ಜಿಗಿಯುತ್ತದೆ, ಬೆರಳು ಬೇಡದ ಕಡೆ ಬೀಳುತ್ತದೆ. ಗೂಗಲ್ ಈ ಜಿಗಿತವನ್ನು CLS ಎಂಬ ಅಂಕವಾಗಿ ಅಳೆಯುತ್ತದೆ: 0.1ರೊಳಗಿದ್ದರೆ ಒಳ್ಳೆಯದು, 0.25 ದಾಟಿದರೆ ಕಳಪೆ. ಜಾಹೀರಾತಿನ ಎತ್ತರದಷ್ಟು ಜಾಗವನ್ನು ಮೊದಲೇ ಖಾಲಿ ಬಿಟ್ಟರೆ ಜಿಗಿತ ಬಹುಮಟ್ಟಿಗೆ ನಿಲ್ಲುತ್ತದೆ. ಅಳತೆಯ ಸಾಲಿಗಿಂತ ಮೇಲೆ ಜಾಹೀರಾತು ಬೇಡವೇ ಬೇಡ.

ಬದಲಾವಣೆ ಮಾಡಿದ ಮರುದಿನವೇ ಅಂಕಿ ನೋಡಿ ಕಂಗೆಡಬಾರದು. ಗೂಗಲ್ ಮತ್ತೆ ಬಂದು ಓದಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಕೊಳೆರೋಗದ ಹುಡುಕಾಟವಂತೂ ಮಳೆಯ ಬೆನ್ನಿಗೇ ಏರಿಳಿಯುವಂಥದ್ದು. ಆಗಸ್ಟ್ ತಿಂಗಳನ್ನು ಡಿಸೆಂಬರ್‌ಗೆ ಹೋಲಿಸಿದರೆ ಪುಟ ಹಾಳಾಯಿತೆಂಬ ಸುಳ್ಳು ಭಯ ಹುಟ್ಟುತ್ತದೆ. ಹೋಲಿಸಬೇಕಾದದ್ದು ಹಿಂದಿನ ವರ್ಷದ ಆಗಸ್ಟ್‌ಗೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಪುಟ ತಿದ್ದಲು ಸರಿಯಾದ ಕಾಲ ಏಪ್ರಿಲ್, ಮೊದಲ ಸಿಂಪಡಣೆಗೆ ಜನ ದೋಟಿ ಹುಡುಕುವುದಕ್ಕಿಂತ ಮುಂಚೆ.