ವಾಯ್ಸ್ ನೋಟ್‌ನಿಂದ ಮೇಲ್‌ಗೆ: ಕೊನೆಯಲ್ಲಿ ಹೇಳಿದ್ದು ಮೊದಲ ಸಾಲಿಗೆ ಬರುವುದು ಹೇಗೆ

ನಡೆದುಕೊಂಡು ಹೋಗುವಾಗ ಫೋನಿಗೆ ಮಾತಾಡಿ ಇಟ್ಟುಕೊಳ್ಳುವ ಅಭ್ಯಾಸ ನನಗಿದೆ. ಮಾತಾಡುವಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಅದನ್ನು ಕೇಳಿಸಿಕೊಂಡು ಮೇಲ್ ಬರೆಯಲು ಕೂತರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಸುಮಾರು ಸಲ ಒದ್ದಾಡಿದ ಮೇಲೆ ಮಾಡಿಕೊಂಡ ಟಿಪ್ಪಣಿ ಇದು. ಒಂದೇ ಉದಾಹರಣೆ ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ.

ಜೂನ್ 3, ಬುಧವಾರ ನಾನು ಮಾತಾಡಿದ್ದು ಹೀಗಿತ್ತು. ಹೇಗಿತ್ತೋ ಹಾಗೇ ಬರೆದುಕೊಂಡಿದ್ದೇನೆ:

"ಹಾಂ, ಮೇಡಂಗೆ ಟ್ರೈನಿಂಗ್ ವಿಷಯ ಒಂದು ಮೇಲ್ ಹಾಕ್ಬೇಕು. ಈಗ ಟ್ರೈನರ್ ಫೋನ್ ಮಾಡಿದ್ರು, ಹನ್ನೆರಡಕ್ಕೆ ಬರೋಕಾಗಲ್ವಂತೆ. ಹೋದ ಸಲಾನೂ ಹೀಗೇ ಮಾಡಿದ್ರು, ಕೊನೇ ಗಳಿಗೇಲಿ. ಹದಿನೆಂಟು, ಇಲ್ಲಾಂದ್ರೆ ಇಪ್ಪತ್ತೈದು ಅಂದ್ರು. ಹದಿನೆಂಟಕ್ಕೆ ದೊಡ್ಡ ಹಾಲ್ ಸಿಗಲ್ಲ, ಅವತ್ತು ಇಂಟರ್‌ವ್ಯೂ ಇದೆ. ಚಿಕ್ಕ ರೂಮ್ ಇದೆ, ಅದರಲ್ಲಿ ಇಪ್ಪತ್ತು ಜನ ಅಷ್ಟೆ. ನಾವು ಮೂವತ್ತು... ಅಲ್ಲ, ಮೂವತ್ತೆರಡು. ಬಹುಶಃ ಇಬ್ಬರು ರಜೆ ಇರ್ಬಹುದು. ಇಪ್ಪತ್ತೈದಕ್ಕೆ ಹಾಲ್ ಖಾಲಿ, ನಾನೇ ನೋಡ್ದೆ. ಆದ್ರೆ ಹೊಸ ಸಾಫ್ಟ್‌ವೇರ್ ಒಂದನೇ ತಾರೀಕಿಂದ ಶುರು, ಅಭ್ಯಾಸಕ್ಕೆ ಟೈಮ್ ಕಮ್ಮಿ ಆಗತ್ತೆ. ಪ್ರಿಂಟೌಟ್ ಬೇರೆ ಆಗಿಲ್ಲ, ಅವನಿಗೆ ಹೇಳ್ಬೇಕು. ಹಾಂ, ಇನ್ನೊಂದು, ಟ್ರೈನರ್ ಎರಡು ದಿನದಲ್ಲಿ ಹೇಳಿ ಅಂದ್ರು, ಇಲ್ಲಾಂದ್ರೆ ಡೇಟ್ ಬೇರೆಯವರಿಗೆ ಕೊಡ್ತಾರಂತೆ. ನನ್ನ ಪ್ರಕಾರ ಇಪ್ಪತ್ತೈದೇ ವಾಸಿ."

ಇದರಲ್ಲಿ ಮೇಡಂ ಮಾಡಬೇಕಾದ ಕೆಲಸ ಎಲ್ಲಿದೆ ನೋಡಿ. "ಇಪ್ಪತ್ತೈದೇ ವಾಸಿ" ಅನ್ನುವುದು ಕಟ್ಟಕಡೆಗೆ ಬಂತು. ಗಡುವು ಅದಕ್ಕಿಂತ ಸ್ವಲ್ಪ ಮುಂಚೆ, "ಹಾಂ, ಇನ್ನೊಂದು" ಅನ್ನುವುದರ ಹಿಂದೆ ಅಡಗಿದೆ. ಇದು ನನ್ನೊಬ್ಬನ ಕಥೆ ಅಲ್ಲ. ಮಾತಾಡುವಾಗ ನಾವು ವಿಷಯ ನಡೆದ ಕ್ರಮದಲ್ಲಿ, ಅಥವಾ ನೆನಪಾದ ಕ್ರಮದಲ್ಲಿ ಹೇಳುತ್ತೇವೆ. ತೀರ್ಮಾನ ಹುಟ್ಟುವುದೇ ಕೊನೆಗೆ, ಹಾಗಾಗಿ ಅದು ಕೊನೆಗೇ ಬರುತ್ತದೆ. ಓದುವವರಿಗೆ ಬೇಕಾಗುವುದು ಇದರ ತಿರುಗುಮುರುಗು. ಆದ್ದರಿಂದ ನಾನು ವಾಯ್ಸ್ ನೋಟನ್ನು ಮೊದಲು ಕೊನೆಯ ಅರ್ಧ ನಿಮಿಷದಿಂದ ಕೇಳುತ್ತೇನೆ. "ಇನ್ನೊಂದು", "ಅಂದ ಹಾಗೆ", "ಒಟ್ಟಿನಲ್ಲಿ" ಅನ್ನುವ ಪದಗಳ ಪಕ್ಕದಲ್ಲೇ ಬಹಳ ಸಲ ಮೇಲ್‌ನ ಮೊದಲ ಸಾಲು ಸಿಕ್ಕಿಬಿಡುತ್ತದೆ.

ಅಮೆರಿಕದ ಸೇನೆಯಲ್ಲಿ ಈ ಕ್ರಮಕ್ಕೆ ಒಂದು ಹೆಸರೇ ಇದೆ, 'ಬಾಟಮ್ ಲೈನ್ ಅಪ್ ಫ್ರಂಟ್', ಚಿಕ್ಕದಾಗಿ 'ಬ್ಲಫ್'. ಮುಖ್ಯ ಮಾತನ್ನು ಮೊದಲೇ ಹೇಳು ಅಂತ ಅವರ ಪತ್ರವ್ಯವಹಾರದ ನಿಯಮದಲ್ಲೇ ಇದೆ. ಹೆಸರು ನೆನಪಿಡಬೇಕಿಲ್ಲ. "ಯಾರು, ಏನು ಮಾಡಬೇಕು, ಯಾವಾಗಿನೊಳಗೆ" ಅಂತ ಒಂದು ವಾಕ್ಯ ಬರೆದುಕೊಂಡರೆ ಸಾಕು. ನಮ್ಮ ಉದಾಹರಣೆಯಲ್ಲಿ ಅದು: ಮೇಡಂ, ತರಬೇತಿಯನ್ನು 25ಕ್ಕೆ ಹಾಕಲು, ಶುಕ್ರವಾರದೊಳಗೆ ಒಪ್ಪಬೇಕು. ಈ ವಾಕ್ಯ ಬರೆಯಲು ಆಗದಿದ್ದರೆ ಮೇಲ್ ಬರೆಯುವ ಹೊತ್ತು ಇನ್ನೂ ಬಂದಿಲ್ಲ. ಏನು ಬೇಕು ಅಂತ ನಿಮಗೇ ಗೊತ್ತಿಲ್ಲ ಅಂತ ಅರ್ಥ.

ಆಮೇಲಿನ ಕೆಲಸ ಉಳಿದ ಮಾತುಗಳನ್ನು ಬೇರ್ಪಡಿಸುವುದು. ಪ್ರತಿ ಮಾತಿಗೂ ಒಂದೇ ಪ್ರಶ್ನೆ: ಇದು ಗೊತ್ತಿಲ್ಲದಿದ್ದರೆ ಮೇಡಂ ತೀರ್ಮಾನ ಬದಲಾಗುತ್ತದಾ? ಹಾಲ್, ಜನರ ಸಂಖ್ಯೆ, ಒಂದನೇ ತಾರೀಕು, ಇವೆಲ್ಲ ಬೇಕು. "ಹೋದ ಸಲಾನೂ ಹೀಗೇ ಮಾಡಿದ್ರು" ಅನ್ನುವುದು ನನ್ನ ಸಿಟ್ಟು, ತೆಗೆದೆ. ಇನ್ನು ಮುಂದೆ ಈ ಟ್ರೈನರ್ ಬೇಡ ಅನ್ನುವುದೇ ನನ್ನ ಮಾತಾಗಿದ್ದರೆ ಅದಕ್ಕೆ ಬೇರೆ ಮೇಲ್ ಬೇಕು. ಇದರೊಳಗೆ ತುರುಕಿದರೆ ಮೇಡಂ ತಾರೀಕು ಬಿಟ್ಟು ಅದಕ್ಕೇ ಉತ್ತರ ಕೊಡುತ್ತಾರೆ. ಪ್ರಿಂಟೌಟ್ ವಿಷಯ ಮೇಡಂಗೆ ಸಂಬಂಧವೇ ಇಲ್ಲ, ಅದು ನನ್ನ ಪಕ್ಕದ ಟೇಬಲ್‌ನವನಿಗೆ ಹೋಗಬೇಕಾದದ್ದು.

ಈಗ ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವ ಜಾಗಕ್ಕೆ ಬರೋಣ. ಮಾತನ್ನು ಚೊಕ್ಕ ಮಾಡುವಾಗ ನಾವು "ಹಾಂ", "ಅಂದ್ರೆ", "ಏನಂದ್ರೆ" ಇವನ್ನು ಕಿತ್ತು ಹಾಕುತ್ತೇವೆ. ಅದೇ ವೇಗದಲ್ಲಿ "ಬಹುಶಃ", "ಇರ್ಬಹುದು", "ಅನ್ಸುತ್ತೆ" ಕೂಡ ಹೋಗಿಬಿಡುತ್ತವೆ. ನೋಡಲು ಎಲ್ಲ ಒಂದೇ ಥರ, ಆದರೆ ಮೊದಲಿನವು ಸುಮ್ನೆ ಉಸಿರು, ಎರಡನೆಯವು ಮಾಹಿತಿ. ಒಮ್ಮೆ ನಾನು "ನಲವತ್ತು ಜನ ಬರ್ಬಹುದು" ಅನ್ನುವುದನ್ನು "40 ಜನ ಬರುತ್ತಾರೆ" ಅಂತ ಬರೆದೆ. ಓದಿದವರು 40 ಕಿಟ್ ತರಿಸಿದರು, ಬಂದಿದ್ದು 27 ಜನ. ತಪ್ಪು ಅವರದ್ದಲ್ಲ. ನನ್ನ ಅಂದಾಜು ಮೇಲ್ ಹತ್ತುವ ಹೊತ್ತಿಗೆ ಲೆಕ್ಕ ಆಗಿಬಿಟ್ಟಿತ್ತು.

ಕನ್ನಡದ "ಅಂತೆ" ಕೂಡ ಇದೇ ಜಾತಿ. "ಬರೋಕಾಗಲ್ವಂತೆ" ಅಂದರೆ ಅವರು ಹೇಳಿದರು, ನಾನು ಕೇಳಿದೆ. "ನಾನೇ ನೋಡ್ದೆ" ಅಂದರೆ ಕಣ್ಣಾರೆ ಕಂಡದ್ದು. ಮಾತಿನಲ್ಲಿ ಒಂದು ಪ್ರತ್ಯಯದಲ್ಲಿ ಮುಗಿಯುವ ಈ ವ್ಯತ್ಯಾಸವನ್ನು ಮೇಲ್‌ನಲ್ಲಿ "ಟ್ರೈನರ್ ತಿಳಿಸಿದರು", "ಬುಕಿಂಗ್ ಪಟ್ಟಿ ನೋಡಿದ್ದೇನೆ" ಅಂತ ಬಿಡಿಸಿ ಬರೆಯಬೇಕು.

ಇನ್ನೊಂದು ಕನ್ನಡದ್ದೇ ತೊಂದರೆ. ನಮ್ಮ ವಾಕ್ಯದಲ್ಲಿ ಹೌದೋ ಅಲ್ಲವೋ ಅನ್ನುವುದು ಕಟ್ಟಕಡೆಯ ಅಕ್ಷರದಲ್ಲಿ ಇರುತ್ತದೆ. "ಆಗತ್ತೆ", "ಆಗಲ್ಲ". ನಡೆಯುತ್ತಾ ಮಾತಾಡುವಾಗ ಮೊದಲು ನುಂಗಿಹೋಗುವುದು ಅದೇ ಬಾಲ. ಫೋನೇ ಅಕ್ಷರಕ್ಕೆ ಇಳಿಸಿಕೊಟ್ಟಿದ್ದರೂ ಅದನ್ನು ನಂಬಿ ಕೂರಬೇಡಿ. ಇಲ್ಲ, ಅಲ್ಲ, ಆಗಲ್ಲ ಅಂತ ಮುಗಿಯುವ ವಾಕ್ಯಗಳನ್ನೂ ಎಲ್ಲ ಅಂಕಿಗಳನ್ನೂ ಇನ್ನೊಂದು ಸಲ ಕಿವಿಯಿಂದ ಕೇಳಿ. ಜೊತೆಗೆ, ಮಾತಿನಲ್ಲಿ ಅಂಕಿ ತಿದ್ದಿಕೊಂಡಾಗ ಎರಡನೆಯದೇ ನಿಜ. "ಮೂವತ್ತು... ಅಲ್ಲ, ಮೂವತ್ತೆರಡು" ಅಂದರೆ 32 ಮಾತ್ರ ಉಳಿಯಬೇಕು.

"ಎರಡು ದಿನದಲ್ಲಿ" ಅನ್ನುವುದು ಬುಧವಾರ ಹೇಳಿದ ಮಾತು. ಗುರುವಾರ ಓದುವವರಿಗೆ ಅದು ಶನಿವಾರ ಆಗುತ್ತದೆ. ಹಾಗಾಗಿ ಅದು ಜೂನ್ 5, ಶುಕ್ರವಾರ ಆಗಬೇಕು. ಅಲ್ಲೂ ಒಂದು ಸಣ್ಣ ಲೆಕ್ಕ ಇದೆ. ಶುಕ್ರವಾರ ಸಂಜೆ ಅನ್ನುವುದು ಟ್ರೈನರ್ ನನಗೆ ಕೊಟ್ಟ ಗಡುವು. ಮೇಡಂಗೆ ನಾನು ಅದನ್ನೇ ಕೊಟ್ಟರೆ ಫೋನ್ ಮಾಡಲು ನನಗೆ ಸಮಯ ಉಳಿಯುವುದಿಲ್ಲ. ಅದಕ್ಕೆ ಮಧ್ಯಾಹ್ನ 12 ಅಂತ ಕೇಳಿದೆ. "ಟೈಮ್ ಕಮ್ಮಿ" ಅನ್ನುವುದಕ್ಕೂ ಕ್ಯಾಲೆಂಡರ್ ತೆಗೆದೆ. 25 ಗುರುವಾರ. ಶನಿವಾರ, ಭಾನುವಾರ ರಜೆ ಕಳೆದರೆ ಜುಲೈ 1ರ ಮುಂಚೆ ಸಿಗುವುದು ಮೂರು ದಿನ. 18ಕ್ಕೆ ಮಾಡಿದ್ದರೆ ಎಂಟು ದಿನ.

ಅಲ್ಲೇ ನಾನು ಸಿಕ್ಕಿಬಿದ್ದೆ. ಎಂಟು ದಿನ ಸಿಗುವಾಗ 18 ಯಾಕೆ ಬೇಡ? 32 ಜನರನ್ನು ಎರಡು ಬ್ಯಾಚ್ ಮಾಡಿದರೆ ಒಂದಕ್ಕೆ 16, ಚಿಕ್ಕ ರೂಮೇ ಸಾಕಲ್ವಾ? ಮಾತಾಡುವಾಗ ಈ ಪ್ರಶ್ನೆ ಹೊಳೆದೇ ಇರಲಿಲ್ಲ, ಯಾಕೆಂದರೆ ಮಾತು ನಿಲ್ಲುವುದಿಲ್ಲ. ಎರಡು ಆಯ್ಕೆ ಅಕ್ಕಪಕ್ಕ ಬರೆದಾಗ ಮಾತ್ರ ತೂತು ಕಾಣಿಸಿತು. ಮೇಡಂ ಕೇಳುವ ಮೊದಲ ಪ್ರಶ್ನೆಯೂ ಇದೇ ಆಗಿರುತ್ತಿತ್ತು. ಟ್ರೈನರ್‌ಗೆ ಫೋನ್ ಮಾಡಿದೆ. ತರಬೇತಿ ಇಡೀ ದಿನದ್ದು, ಎರಡು ಬ್ಯಾಚ್‌ಗೆ ಎರಡು ದಿನ ಬೇಕು, ಅವರು ಕೊಡುವುದು ಆ ಎರಡರಲ್ಲಿ ಒಂದು ದಿನ ಮಾತ್ರ ಅಂತ ಗೊತ್ತಾಯಿತು. ಆ ಉತ್ತರವನ್ನು ಮೇಲ್‌ನಲ್ಲೇ ಸೇರಿಸಿದೆ. ಒಂದು ಸುತ್ತು ಮೇಲ್ ಓಡಾಟ ತಪ್ಪಿತು.

ಕಳಿಸಿದ್ದು ಇದು:

ಸಬ್ಜೆಕ್ಟ್: ಜೂನ್ 12ರ ತರಬೇತಿ 25ಕ್ಕೆ: ಈ ಶುಕ್ರವಾರ ಮಧ್ಯಾಹ್ನದೊಳಗೆ ಒಪ್ಪಿಗೆ ಬೇಕು

ಮೇಡಂ, ನಮಸ್ಕಾರ.

ಜೂನ್ 12ರ ತರಬೇತಿಯನ್ನು ಜೂನ್ 25, ಗುರುವಾರಕ್ಕೆ ಮುಂದೂಡಲು ನಿಮ್ಮ ಒಪ್ಪಿಗೆ ಬೇಕು. ಈ ಶುಕ್ರವಾರ, ಜೂನ್ 5ರ ಮಧ್ಯಾಹ್ನ 12ರೊಳಗೆ ತಿಳಿಸಿದರೆ ಟ್ರೈನರ್‌ಗೆ ಅವತ್ತೇ ಹೇಳುತ್ತೇನೆ. ಅವತ್ತು ತಪ್ಪಿದರೆ ಅವರು ದಿನವನ್ನು ಬೇರೆಯವರಿಗೆ ಕೊಡುತ್ತಾರೆ.

12ಕ್ಕೆ ಬರಲು ಆಗುವುದಿಲ್ಲ ಎಂದು ಅವರು ಇಂದು ತಿಳಿಸಿದರು. 18 ಅಥವಾ 25, ಎರಡರಲ್ಲಿ ಒಂದು ದಿನ ಕೊಡಬಲ್ಲರು.

ಜೂನ್ 18: ಇಂಟರ್‌ವ್ಯೂ ಇರುವುದರಿಂದ ದೊಡ್ಡ ಹಾಲ್ ಸಿಗುವುದಿಲ್ಲ. ಚಿಕ್ಕ ರೂಮಿನಲ್ಲಿ 20 ಜನಕ್ಕೆ ಜಾಗ, ನಾವು 32. ಇಬ್ಬರು ರಜೆಯಲ್ಲಿರಬಹುದು, ಇನ್ನೂ ಖಚಿತವಿಲ್ಲ. ಇಡೀ ದಿನದ ತರಬೇತಿಯಾದ್ದರಿಂದ ಒಂದೇ ದಿನದಲ್ಲಿ ಎರಡು ಬ್ಯಾಚ್ ಆಗುವುದಿಲ್ಲ.

ಜೂನ್ 25: ದೊಡ್ಡ ಹಾಲ್ ಖಾಲಿ ಇದೆ, ಬುಕಿಂಗ್ ಪಟ್ಟಿ ನೋಡಿದ್ದೇನೆ. ಆದರೆ ಜುಲೈ 1ಕ್ಕೆ ಹೊಸ ಸಾಫ್ಟ್‌ವೇರ್ ಶುರುವಾಗುವ ಮುಂಚೆ ಅಭ್ಯಾಸಕ್ಕೆ ಮೂರು ಕೆಲಸದ ದಿನ ಮಾತ್ರ ಸಿಗುತ್ತದೆ.

ಎಲ್ಲರೂ ಒಟ್ಟಿಗೆ ಕೂರಬಹುದು ಎಂಬ ಕಾರಣಕ್ಕೆ ನಾನು 25 ಸೂಚಿಸುತ್ತೇನೆ.

25ರ ಕೊರತೆಯನ್ನು ಬಚ್ಚಿಡಲಿಲ್ಲ, ಗಮನಿಸಿ. ನನ್ನ ಆಯ್ಕೆಗೆ ಇರುವ ಅಡ್ಡಿಯನ್ನು ನಾನೇ ಬರೆಯದಿದ್ದರೆ ಆಮೇಲೆ ಅದು ನನ್ನ ತಲೆಗೇ ಬರುತ್ತದೆ. ಸಬ್ಜೆಕ್ಟ್ "ಟ್ರೈನಿಂಗ್ ಬಗ್ಗೆ" ಅಂತ ಇದ್ದಿದ್ದರೆ ಏನು ಬೇಕು, ಯಾವಾಗಿನೊಳಗೆ ಅನ್ನುವುದು ಮೇಲ್ ತೆರೆಯದೆ ಗೊತ್ತಾಗುತ್ತಿರಲಿಲ್ಲ. ಫೋನಿನಲ್ಲಿ ಉದ್ದದ ಸಬ್ಜೆಕ್ಟ್ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ, ಆದ್ದರಿಂದ ತಾರೀಕು ಎಡಗಡೆಗೇ ಬರಬೇಕು. ಸಬ್ಜೆಕ್ಟ್ ಮತ್ತು ಮೊದಲ ಎರಡು ಸಾಲು ಮಾತ್ರ ಓದಿ ಮೇಡಂ "ಸರಿ" ಅಂತ ಉತ್ತರಿಸಲು ಸಾಧ್ಯವಾ ಅಂತ ನೋಡುತ್ತೇನೆ. ಸಾಧ್ಯವಾದರೆ ಕಳಿಸಬಹುದು.

ಪಾಯಿಂಟ್ ಪಾಯಿಂಟ್ ಆಗಿ ಗೀಚಿಕೊಂಡವರ ಕಷ್ಟ ಇದಕ್ಕೆ ಉಲ್ಟಾ. ವಾಯ್ಸ್ ನೋಟ್‌ನಲ್ಲಿ ಮಾತು ಜಾಸ್ತಿ, ಪಾಯಿಂಟ್‌ಗಳಲ್ಲಿ ಕೊಂಡಿಯೇ ಇರುವುದಿಲ್ಲ. "18 ಹಾಲ್ ಇಲ್ಲ. ರೂಮ್ 20. ಜನ 32." ಬರೆದವರಿಗೆ ಇದು ಅರ್ಥ ಆಗುತ್ತದೆ, ಯಾಕೆಂದರೆ ನಡುವಿನ "ಹಾಗಾಗಿ" ಅವರ ತಲೆಯಲ್ಲಿದೆ. ಓದುವವರಿಗೆ ಮೂರು ಬಿಡಿ ಸಂಗತಿ ಅಷ್ಟೆ. ಅಂಥಲ್ಲಿ ಎರಡು ಪಾಯಿಂಟ್ ನಡುವೆ "ಆದ್ದರಿಂದ", "ಆದರೆ", "ಯಾಕೆಂದರೆ" ಈ ಮೂರರಲ್ಲಿ ಒಂದು ಕೂರುತ್ತದಾ ನೋಡಿ. ಯಾವುದೂ ಕೂರದಿದ್ದರೆ ಆ ಎರಡು ಒಂದೇ ಪ್ಯಾರಾದಲ್ಲಿ ಇರಬೇಕಾದವಲ್ಲ.

ಬೇರೆಯವರು ಕಳಿಸಿದ ವಾಯ್ಸ್ ನೋಟ್‌ಗೆ ನೀವು ಮೇಲ್ ಬರೆದುಕೊಡುತ್ತಿದ್ದರೆ ಒಂದು ಎಚ್ಚರ: "ಅವರು", "ಅವನಿಗೆ" ಅಂದಿದ್ದು ಯಾರು ಅಂತ ಊಹಿಸಬೇಡಿ, ಕೇಳಿಬಿಡಿ. ನನ್ನದೇ ನೋಟ್‌ನಲ್ಲಿ "ಅವನಿಗೆ ಹೇಳ್ಬೇಕು" ಅಂತ ಇದೆಯಲ್ಲ, ಒಂದು ವಾರ ಬಿಟ್ಟು ಕೇಳಿದ್ದರೆ ಅದು ಯಾರೆಂದು ನನಗೇ ಹೊಳೆಯುತ್ತಿರಲಿಲ್ಲವೇನೋ.

ಕಳಿಸಿದ ಮೇಲೆ ನೋಟ್ ಇನ್ನೊಮ್ಮೆ ಕೇಳಿದೆ. ಪ್ರಿಂಟೌಟ್ ಒಂದು ಬಾಕಿ ಉಳಿದಿತ್ತು. ಅದಕ್ಕೆ ಮೇಲ್ ಬೇಡ, ಒಂದು ಮೆಸೇಜ್ ಸಾಕಾಯಿತು: "ತರಬೇತಿ ಬಹುಶಃ 25ಕ್ಕೆ ಹೋಗತ್ತೆ, ಶುಕ್ರವಾರ ಗೊತ್ತಾಗತ್ತೆ. ಅಲ್ಲೀವರೆಗೆ ತಾರೀಕು ಇರೋ ಮೊದಲ ಪುಟ ಪ್ರಿಂಟ್ ಮಾಡ್ಬೇಡ, ಉಳಿದದ್ದು 32 ಪ್ರತಿ ತೆಗೆದಿಡು."