ನೋಯದ ಗಂಟು: ಲಿಂಫ್ ನೋಡ್ ಊದಿದಾಗ ಏನು ನೋಡಬೇಕು

ಲಿಂಫ್ ನೋಡ್ ಅಂದರೆ ದೇಹದ ದ್ರವವನ್ನು ಸೋಸುವ ಸಣ್ಣ ಜರಡಿ ಅಂತ ಓದಿರುತ್ತೇವೆ. ಆದರೆ ಜರಡಿ ಯಾಕೆ ಊದಬೇಕು? ಅದರೊಳಗೆ ಕಣಗಳು ಹುಟ್ಟುತ್ತವೆ ಕೂಡ, ಅದಕ್ಕೆ. ಬೆರಳಿನ ಗಾಯ ಕೀವಾದರೆ ಅಲ್ಲಿನ ದ್ರವ ಕಂಕುಳಿನ ನೋಡ್‌ಗೆ ಹರಿದು ಬರುತ್ತದೆ. ಸೋಂಕನ್ನು ಗುರುತಿಸಿದ ಬಿಳಿ ರಕ್ತಕಣಗಳು ಅಲ್ಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಕೆಲವೇ ದಿನಗಳಲ್ಲಿ ನೋಡ್‌ನ ಹೊರಪೊರೆ ಬಿಗಿಯುತ್ತದೆ. ಮುಟ್ಟಿದರೆ ನೋಯುವುದು ಈ ಬಿಗಿತದಿಂದ.

ವಾರಗಟ್ಟಲೆ ನಿಧಾನವಾಗಿ ಬೆಳೆದರೆ ಪೊರೆ ಹೊಂದಿಕೊಂಡುಬಿಡುತ್ತದೆ, ನೋವೇ ಬರುವುದಿಲ್ಲ. ಹಾಗಾಗಿ 'ನೋವಿಲ್ಲ ತಾನೇ, ಸುಮ್ನೆ ಬಿಡಿ' ಅನ್ನುವ ಸಮಾಧಾನವನ್ನು ನಾನು ನಂಬುವುದಿಲ್ಲ. ನೋಯದ ಗಂಟೆಲ್ಲ ಕ್ಯಾನ್ಸರ್ ಅಂತಲೂ ಅಲ್ಲ. ಹಳೆಯ ಸೋಂಕು ಬಿಟ್ಟುಹೋದ ಸಣ್ಣ ಗಂಟುಗಳೇ ಜಾಸ್ತಿ. ಕ್ಷಯದ ಗಂಟೂ ಸಾಮಾನ್ಯವಾಗಿ ನೋಯುವುದಿಲ್ಲ.

ಒಂದು ಕೇಸ್ ಊಹಿಸಿಕೊಳ್ಳಿ. 26 ವರ್ಷದ ಯುವಕ, ಎಡ ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಗಂಟು, ಆರು ವಾರದಿಂದ ಇದೆ. ಅವನ ಹಿಂದೆ ನಿಂತು, ತಲೆಯನ್ನು ಸ್ವಲ್ಪ ಅದೇ ಕಡೆಗೆ ಬಾಗಿಸಿ ಬೆರಳ ತುದಿಯಿಂದ ಸವರಿ ನೋಡಿದರೆ ಸುಮಾರು 2.5 ಸೆಂ.ಮೀ. ಇದೆ. ಒತ್ತಿದರೆ ರಬ್ಬರಿನಂತೆ ಬಿಗಿ, ನೋವಿಲ್ಲ.

ಇಲ್ಲಿ ವೈದ್ಯರನ್ನು ಮೊದಲು ಎಚ್ಚರಿಸುವುದು ಜಾಗ. ದವಡೆಯ ಕೆಳಗೆ 1 ಸೆಂ.ಮೀ. ಒಳಗಿನ ಗಂಟು ಎಷ್ಟೋ ಜನರಲ್ಲಿ ಇರುತ್ತದೆ. ಕಾಲರ್ ಮೂಳೆಯ ಮೇಲೆ ಮಾತ್ರ ಕೈಗೆ ಸಿಕ್ಕಿದ್ದೆಲ್ಲ ಅನುಮಾನವೇ, ಯಾಕಂದರೆ ಎದೆಯ, ಎಡಗಡೆಯಾದರೆ ಹೊಟ್ಟೆಯ ಕಾಯಿಲೆಯೂ ಅಲ್ಲಿ ತಲೆ ಎತ್ತಬಹುದು. ಆಮೇಲೆ ಅವಧಿ: ನಾಲ್ಕು ವಾರ ಕಳೆದರೂ ಕರಗದೆ ಬೆಳೆಯುತ್ತಿದ್ದರೆ ಕಾಯುವುದು ಸಾಕು. ಮುಟ್ಟಿದಾಗಿನ ಹದ ಸುಳಿವು ಮಾತ್ರ: ಕಲ್ಲಿನಂತೆ ಗಟ್ಟಿಯಾಗಿ ಅಲುಗಾಡದಿದ್ದರೆ ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ರಬ್ಬರಿನಂತಿದ್ದರೆ ನೋಡ್‌ನ ಬಿಳಿ ಕಣಗಳದ್ದೇ ಕ್ಯಾನ್ಸರ್ ಆದ ಲಿಂಫೋಮಾ, ಒಂದಕ್ಕೊಂದು ಅಂಟಿದ್ದರೆ ಕ್ಷಯ ನೆನಪಾಗುತ್ತವೆ. ಬೆರಳನ್ನೇ ನಂಬಿ ತೀರ್ಪು ಕೊಡಬಾರದು, ಅಲ್ವಾ?

ಕೇಳಿದಾಗ, ರಾತ್ರಿ ಬಟ್ಟೆ ಬದಲಿಸುವಷ್ಟು ಬೆವರು ಬರುತ್ತದೆ ಅಂದ. ಆರು ತಿಂಗಳಲ್ಲಿ 70 ಕೆ.ಜಿ. ಇದ್ದವನು 62ಕ್ಕೆ ಇಳಿದಿದ್ದಾನೆ. ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದರೆ ಅದು, ಆ ಬೆವರಿನಂತೆಯೇ, ಲಿಂಫೋಮಾದ ಸುಳಿವಾಗಿ ಲೆಕ್ಕಕ್ಕೆ ಬರುತ್ತದೆ.

ಸೂಜಿ ಪರೀಕ್ಷೆ ಮಾಡಿದರು. ವರದಿ: ಸೋಂಕಿಗೆ ಊದಿದ ನೋಡ್‌ನಂತಿದೆ. ಓದುವಾಗ ನಾನು ಎಡವಿದ್ದೇ ಇಲ್ಲಿ. ಸೂಜಿಗೆ ಸಿಗುವುದು ಬಿಡಿ ಕಣಗಳು, ನೋಡ್‌ನ ಒಳರಚನೆ ಅಲ್ಲ. ಹಾಡ್ಕಿನ್ ಲಿಂಫೋಮಾದಲ್ಲಿ ಕ್ಯಾನ್ಸರ್ ಕಣಗಳೇ ಬಹಳ ಕಡಿಮೆ, ಸುತ್ತ ತುಂಬಿರುವುದು ಮಾಮೂಲಿ ಬಿಳಿ ಕಣಗಳು. ಸೂಜಿ ಅವನ್ನಷ್ಟೇ ಎಳೆದು ತರಬಹುದು. ಅದಕ್ಕೇ ಇಡೀ ನೋಡ್ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದಕ್ಕೆ ಮುಂಚೆ 'ಊತ ಇಳಿಯಲಿ' ಅಂತ ಸ್ಟೀರಾಯ್ಡ್ ಕೊಟ್ಟರೆ ಗಂಟು ಕುಗ್ಗುತ್ತದೆ, ರೋಗದ ಗುರುತೂ ಮಸುಕಾಗುತ್ತದೆ. ಇವನಿಗೆ ಕೊಟ್ಟಿರಲಿಲ್ಲ. ಇಡೀ ನೋಡ್ ನೋಡಿದ ಪೆಥಾಲಜಿಸ್ಟ್‌ಗೆ ಗೂಬೆಯ ಕಣ್ಣಿನಂತೆ ಕಾಣುವ ಎರಡು ಕೋಶಕೇಂದ್ರದ ದೊಡ್ಡ ಕಣಗಳು ಸಿಕ್ಕವು: ಹಾಡ್ಕಿನ್ ಲಿಂಫೋಮಾದ ಗುರುತಾದ ರೀಡ್-ಸ್ಟರ್ನ್‌ಬರ್ಗ್ ಕಣಗಳು.